ಭಾನುವಾರದ ಲಾಂಚು

ನಮ್ಮ ಮನೆ ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ. ಸಾಗರದಿಂದ ಬರುವವರು ಅಂಬಾರಗೋಡ್ಲಿನಲ್ಲಿ ಲಾಂಚು ಹತ್ತಿ ಕಳಸವಳ್ಳಿಯಲ್ಲಿ ಇಳಿಯಬೇಕಿತ್ತು. 2025ರ ಜುಲೈಯಲ್ಲಿ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ಮುಗಿಯಿತು. ಅದಕ್ಕೆ ಮುಂಚೆ ಊರಿನ ಎಲ್ಲ ಕೆಲಸಗಳ ಲೆಕ್ಕವೂ ಲಾಂಚಿನ ಹೊತ್ತಿನ ಮೇಲೆಯೇ ನಡೆಯುತ್ತಿತ್ತು. ಹೆರಿಗೆ, ಪರೀಕ್ಷೆ, ಮದುವೆ ಮನೆಗೆ ಹೊರಟ ಬಸ್ಸು, ಎಲ್ಲವೂ ಅದರ ಮೇಲೆಯೇ ದಾಟಬೇಕು. ಸಿಗಂದೂರಿನ ದೇವಿಯ ದರ್ಶನಕ್ಕೆ ಬರುವವರು ಸೇರಿಕೊಂಡರಂತೂ ಭಾನುವಾರ ನಿಲ್ಲಲು ಜಾಗ ಸಿಗುತ್ತಿರಲಿಲ್ಲ.

ಇದನ್ನೆಲ್ಲ ಹೇಳುವುದಕ್ಕೆ ಕಾರಣ, ನಾನು ಬರೆಯುತ್ತಿರುವ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯ ಒಂದು ಲಾಂಚನ್ನು ಮುಳುಗಿಸುವುದರ ಬಗ್ಗೆ ಇದೆ. ಅದು ನಮ್ಮದಲ್ಲ, ನಾರ್ವೆಯದು. ಅದೂ ಒಂದು ಜಲವಿದ್ಯುತ್ ಕಣಿವೆಯ ಸರೋವರದ ಮೇಲೆ ಓಡುತ್ತಿದ್ದದ್ದು, ಮುಳುಗಿದ್ದೂ ಭಾನುವಾರವೇ. ಆ ಅಧ್ಯಾಯದ ಮೊದಲ ಕರಡಿನಲ್ಲಿ ಮುಳುಗಿಸಿದ್ದು ಸರಿ ಎಂದು ಹನ್ನೆರಡು ಪುಟ ಬರೆದು, ಸಮಾಧಾನದಿಂದ ರಜೆಗೆ ಊರಿಗೆ ಹೋಗಿದ್ದೆ.

ನನ್ನ ವಿಷಯ ನ್ಯಾಯಯುದ್ಧ ಸಿದ್ಧಾಂತ. ಹೀಗೆಂದ ಕೂಡಲೇ ಕನ್ನಡದ ಗೆಳೆಯರು ಕೇಳುವ ಮೊದಲ ಪ್ರಶ್ನೆ, 'ಭೀಮ ತೊಡೆಗೆ ಹೊಡೆದದ್ದು ಸರಿಯಾ ತಪ್ಪಾ?' ಎಂದು. ರನ್ನನ ಗದಾಯುದ್ಧ ಓದಿಕೊಂಡು ಬಂದವರಿಗೆ ಇದು ಸಹಜವೇ. ಆದರೆ ಆ ಪ್ರಶ್ನೆಯ ಒಳಗೆ ಎರಡು ಪ್ರಶ್ನೆಗಳಿವೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಪಾಂಡವರು ಯುದ್ಧಕ್ಕೆ ಹೋದದ್ದು ಸರಿಯೇ ಎಂಬುದು ಒಂದು. ಹೋದ ಮೇಲೆ ಸೊಂಟದ ಕೆಳಗೆ ಹೊಡೆಯಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎಂದವರು ಎರಡನೆಯದಕ್ಕೆ ಇಲ್ಲ ಎನ್ನಬಹುದು. ಲ್ಯಾಟಿನ್ನಿನಲ್ಲಿ ಒಂದಕ್ಕೆ ಯೂಸ್ ಆದ್ ಬೆಲ್ಲಮ್, ಇನ್ನೊಂದಕ್ಕೆ ಯೂಸ್ ಇನ್ ಬೆಲ್ಲೊ ಎಂಬ ಹೆಸರಿದೆ. ಯುದ್ಧಕ್ಕೆ ಹೋಗುವ ನ್ಯಾಯ, ಯುದ್ಧದೊಳಗಿನ ನ್ಯಾಯ ಎಂದರೆ ಸಾಕು.

ನಾರ್ವೆಯನ್ನು ನಾನು ಆರಿಸಿಕೊಂಡದ್ದು ಅಲ್ಲಿ ಮೊದಲನೆಯ ಪ್ರಶ್ನೆ ಸುಲಭ ಎಂದುಕೊಂಡು. 1940ರ ಏಪ್ರಿಲ್ 9ರಂದು ತಟಸ್ಥವಾಗಿದ್ದ ಆ ದೇಶದ ಮೇಲೆ ಜರ್ಮನಿ ಏರಿ ಬಂತು. ತನ್ನ ಮೇಲೆ ಬಿದ್ದವನನ್ನು ತಡೆಯುವುದಕ್ಕಿಂತ ಸ್ಪಷ್ಟವಾದ ನ್ಯಾಯದ ಕಾರಣ ಇನ್ನೊಂದಿಲ್ಲ. ಆದರೆ ಸಿದ್ಧಾಂತ ಕಾರಣವೊಂದನ್ನೇ ಕೇಳುವುದಿಲ್ಲ. ಯುದ್ಧವನ್ನು ಘೋಷಿಸುವ ಅಧಿಕಾರ ಯಾರಿಗಿದೆ, ಉದ್ದೇಶ ಏನು, ಬೇರೆ ದಾರಿಗಳೆಲ್ಲ ಮುಗಿದವೇ, ಆಗುವ ಹಾನಿ ಸಿಗುವ ಒಳಿತಿನ ತೂಕಕ್ಕೆ ಸರಿಯಿದೆಯೇ, ಗೆಲ್ಲುವ ಸಂಭವ ಇದೆಯೇ ಎಂದೆಲ್ಲ ಕೇಳುತ್ತದೆ. ಈ ಕೊನೆಯ ಷರತ್ತು ಅಲ್ಲಿ ಮುಳ್ಳಾಗುತ್ತದೆ. ಸೋಲುವುದು ಖಚಿತವಿದ್ದಾಗ ಜನರನ್ನು ಸಾಯಲು ಕಳಿಸುವ ಹಕ್ಕು ರಾಜನಿಗೂ ಇಲ್ಲ ಎಂಬುದು ಅದರ ಹಿಂದಿನ ಕಾಳಜಿ.

ಏಪ್ರಿಲ್ 10ರಂದು ಜರ್ಮನಿಯ ರಾಯಭಾರಿ ಕುರ್ಟ್ ಬ್ರಾಯರ್ ಎಲ್ವೆರುಮ್ ಎಂಬ ಊರಿನಲ್ಲಿ ರಾಜ ಏಳನೆಯ ಹಾಕೋನನನ್ನು ಕಂಡ. ಹಿಂದಿನ ಸಂಜೆ ತಾನೇ ಪ್ರಧಾನಿ ಎಂದು ರೇಡಿಯೋದಲ್ಲಿ ಘೋಷಿಸಿಕೊಂಡಿದ್ದ ಕ್ವಿಸ್ಲಿಂಗನನ್ನು ರಾಜ ನೇಮಿಸಬೇಕು ಎಂಬುದು ಬೇಡಿಕೆ. ಒಪ್ಪಿದರೆ ಕಾದಾಟ ನಿಲ್ಲುತ್ತದೆ, ಹುಡುಗರು ಉಳಿಯುತ್ತಾರೆ. ರಾಜ ತನ್ನ ಮಂತ್ರಿಗಳ ಮುಂದೆ ಹೇಳಿದ್ದರ ಸಾರ ಇಷ್ಟು: ತೀರ್ಮಾನ ಸರ್ಕಾರದ್ದು, ಆದರೆ ನೀವು ಒಪ್ಪುವುದಾದರೆ ನಾನು ಸಿಂಹಾಸನ ಬಿಡುತ್ತೇನೆ. ಸರ್ಕಾರ ಒಪ್ಪಲಿಲ್ಲ. ಮಾರನೆಯ ದಿನ ಅವರಿದ್ದ ನ್ಯೂಬರ್ಗ್‌ಸುಂದ್ ಎಂಬ ಹಳ್ಳಿಯ ಮೇಲೆ ಬಾಂಬು ಬಿತ್ತು. ಎರಡು ತಿಂಗಳು ಕಾದಾಡಿ ಜೂನ್ 10ಕ್ಕೆ ನಾರ್ವೆಯ ಸೈನ್ಯ ಶರಣಾಯಿತು.

ಹಾಗಾದರೆ ಗೆಲ್ಲುವ ಸಂಭವ ಎಂಬ ಷರತ್ತನ್ನು ರಾಜ ಮುರಿದನೇ? ನನಗೆ ಹಾಗೆನ್ನಿಸುವುದಿಲ್ಲ. ಆ ನಿರಾಕರಣೆಯಿಂದ ಉಳಿದದ್ದು ನೆಲವಲ್ಲ, ಅಧಿಕಾರ. ಲಂಡನ್ನಿಗೆ ಹೋದ ಸರ್ಕಾರವೇ ನಾರ್ವೆಯ ಸರ್ಕಾರವಾಗಿ ಉಳಿಯಿತು, ಸಾವಿರಕ್ಕೂ ಹೆಚ್ಚು ವಾಣಿಜ್ಯ ಹಡಗುಗಳು ಅದರ ಮಾತಿಗೆ ಓಡಿದವು. ಮುಂದೆ ಸ್ವಂತ ನೆಲದಲ್ಲಿ ಸ್ಫೋಟ ಮಾಡಲು ಹೋದ ಹುಡುಗರು ದರೋಡೆಕೋರರಾಗದೆ ಸೈನಿಕರಾಗಿದ್ದದ್ದೂ ಅದರಿಂದಲೇ. ಗೆಲುವು ಎಂದರೆ ಯಾವುದರ ಗೆಲುವು ಎಂದು ಮೊದಲು ತೀರ್ಮಾನಿಸದೆ ಈ ಷರತ್ತನ್ನು ಹಚ್ಚಿದರೆ ಸಣ್ಣ ದೇಶಗಳೆಲ್ಲ ಬಾಗಿಲು ತೆರೆದು ನಿಲ್ಲಬೇಕಾಗುತ್ತದೆ. ಇದಿಷ್ಟೂ ನನ್ನ ಎರಡನೆಯ ಅಧ್ಯಾಯ. ಅದರ ಬಗ್ಗೆ ನನಗೆ ಈಗಲೂ ಅನುಮಾನವಿಲ್ಲ.

ತೊಂದರೆ ಶುರುವಾದದ್ದು ರ್ಯೂಕನ್ ಎಂಬ ಪಟ್ಟಣಕ್ಕೆ ಹೋದ ಮೇಲೆ. ಹೋದದ್ದು ಪುಸ್ತಕಗಳಲ್ಲಿ ಮಾತ್ರ.

ರ್ಯೂಕನ್ ಪಕ್ಕದ ವೆಮೋರ್ಕ್‌ನಲ್ಲಿ ನೋರ್ಸ್ಕ್ ಹೈಡ್ರೊ ಕಂಪನಿಯ ದೊಡ್ಡ ಜಲವಿದ್ಯುತ್ ಕೇಂದ್ರವಿತ್ತು. ಗೊಬ್ಬರಕ್ಕೆ ಬೇಕಾದ ಜಲಜನಕವನ್ನು ನೀರಿನಿಂದ ಬೇರ್ಪಡಿಸುವ ಆ ಕಾರ್ಖಾನೆಯಲ್ಲಿ 1934ರಿಂದ ಭಾರಜಲವೂ ಸಿಗುತ್ತಿತ್ತು. ಭಾರಜಲ ಎಂದರೆ ಸಾಮಾನ್ಯ ಜಲಜನಕದ ಬದಲು ಅದರ ಭಾರವಾದ ರೂಪ ಸೇರಿದ ನೀರು. ಪರಮಾಣು ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳ ವೇಗ ತಗ್ಗಿಸಲು ಬರುತ್ತದೆ. ಜರ್ಮನಿ ಇದನ್ನು ಬಯಸುತ್ತಿದೆ ಎಂದು ತಿಳಿದ ಮೇಲೆ ಬ್ರಿಟನ್ನಿಗೂ ಅಮೆರಿಕಕ್ಕೂ ನಿದ್ದೆ ಬರಲಿಲ್ಲ.

ಅದನ್ನು ನಾಶ ಮಾಡಲು ನಡೆದ ಪ್ರಯತ್ನ ಒಂದೆರಡಲ್ಲ. 1942ರ ನವೆಂಬರಿನಲ್ಲಿ ಎರಡು ಗ್ಲೈಡರುಗಳಲ್ಲಿ ಬ್ರಿಟಿಷ್ ಸೈನಿಕರು ಹೊರಟರು. ಎರಡೂ ಬಿದ್ದವು. ಬದುಕಿ ಉಳಿದವರನ್ನು ಜರ್ಮನ್ನರು ಕೊಂದರು. ಒಟ್ಟು 41 ಜನ. ಶರಣಾದ ಸೈನಿಕನನ್ನು ಕೊಲ್ಲಬಾರದು ಎಂಬುದು ಯುದ್ಧದೊಳಗಿನ ನ್ಯಾಯದ ಅತಿ ಸರಳ ನಿಯಮ, ಅದರ ಬಗ್ಗೆ ಚರ್ಚೆಯೇ ಬೇಡ. 1943ರ ಫೆಬ್ರುವರಿ ಕೊನೆಯಲ್ಲಿ ಯೋಆಕಿಮ್ ರೊನೆಬೆರ್ಗ್ ಎಂಬ ಯುವಕನ ಮುಂದಾಳುತನದಲ್ಲಿ ಒಂಬತ್ತು ಮಂದಿ ನಾರ್ವೆಯವರೇ ಹೊರಟರು. ತೂಗುಸೇತುವೆಗೆ ಕಾವಲಿತ್ತು, ಆದ್ದರಿಂದ ಹಿಮದಲ್ಲಿ ಕಮರಿಗೆ ಇಳಿದು, ಹೊಳೆ ದಾಟಿ, ಆ ಕಡೆಯ ಬಂಡೆ ಹತ್ತಿದರು. ನೆಲಮಾಳಿಗೆಯಲ್ಲಿ ಸ್ಫೋಟಕ ಇಟ್ಟು ಬತ್ತಿ ಹಚ್ಚುವ ಹೊತ್ತಿಗೆ ಅಲ್ಲಿದ್ದ ನಾರ್ವೆಯ ಕಾವಲುಗಾರ ತನ್ನ ಕನ್ನಡಕ ಕಾಣುತ್ತಿಲ್ಲ, ಯುದ್ಧಕಾಲದಲ್ಲಿ ಇನ್ನೊಂದು ಸಿಗುವುದಿಲ್ಲ ಎಂದನಂತೆ. ಹುಡುಕಿ ಕೊಟ್ಟರು. ಆಮೇಲೆ ಬತ್ತಿ ಹಚ್ಚಿದರು. ಯಾರೂ ಸಾಯಲಿಲ್ಲ. ಊರವರ ಮೇಲೆ ಸೇಡು ಬೀಳದಿರಲಿ ಎಂದು, ಇದು ಬ್ರಿಟಿಷರ ಕೆಲಸ ಎಂದು ತೋರುವಂತೆ, ಒಂದು ಮೆಷಿನ್‌ಗನ್ನನ್ನು ಬೇಕೆಂದೇ ಬಿಟ್ಟು ಹೋದರು.

ಕೆಲವು ತಿಂಗಳಲ್ಲಿ ಕಾರ್ಖಾನೆ ಮತ್ತೆ ಶುರುವಾಯಿತು. ಈ ಸಲ ಅಮೆರಿಕನ್ನರು ನವೆಂಬರ್ 16ರಂದು ನೂರಕ್ಕೂ ಹೆಚ್ಚು ವಿಮಾನಗಳಲ್ಲಿ ಬಂದು ಬಾಂಬು ಸುರಿದರು. ಇಪ್ಪತ್ತಕ್ಕೂ ಹೆಚ್ಚು ನಾಗರಿಕರು ಸತ್ತರು. ನೆಲಮಾಳಿಗೆಯ ಭಾರಜಲದ ಯಂತ್ರಗಳಿಗೆ ಹೆಚ್ಚೇನೂ ಆಗಲಿಲ್ಲ. ಲಂಡನ್ನಿನಲ್ಲಿದ್ದ ನಾರ್ವೆಯ ಸರ್ಕಾರ ತನ್ನನ್ನು ಕೇಳದೆ ಮಾಡಿದ್ದಕ್ಕೆ ಪ್ರತಿಭಟಿಸಿತು.

ಈ ಎರಡು ದಾಳಿಗಳನ್ನು ಅಕ್ಕಪಕ್ಕ ಇಟ್ಟು ಓದಿಸಿದವರು ಮೈಕೆಲ್ ವಾಲ್ಜರ್. 1977ರಲ್ಲಿ ಬಂದ ಅವರ ಪುಸ್ತಕವೇ ಈ ಕ್ಷೇತ್ರದ ಈಗಿನ ಎಲ್ಲ ಜಗಳಗಳ ಮೂಲ. ಹಳೆಯ ದ್ವಿಪರಿಣಾಮ ತತ್ವ ಹೇಳುವುದು ಹೀಗೆ: ಒಂದು ಕೆಲಸದಿಂದ ಒಳ್ಳೆಯದೂ ಕೆಟ್ಟದ್ದೂ ಆಗುವುದಾದರೆ, ಕೆಟ್ಟದ್ದನ್ನು ನೀನು ಬಯಸಿರಬಾರದು. ಅದು ನಿನ್ನ ಗುರಿಯೂ ಆಗಿರಬಾರದು, ಗುರಿಗೆ ಮೆಟ್ಟಿಲೂ ಆಗಿರಬಾರದು. ಒಳಿತು ಆ ಕೆಡುಕಿನ ತೂಕಕ್ಕೆ ಸರಿಯಾಗಿರಬೇಕು. ವಾಲ್ಜರ್‌ಗೆ ಇದು ತೀರಾ ಅಗ್ಗವೆನ್ನಿಸಿತು. 'ನಾವು ಅವರ ಸಾವನ್ನು ಬಯಸಲಿಲ್ಲ' ಎಂದು ಯಾವ ವಿಮಾನದವನೂ ಹೇಳಬಹುದು. ಬಯಸದಿದ್ದರೆ ಸಾಲದು, ನಾಗರಿಕರ ಅಪಾಯ ತಗ್ಗಿಸುವುದನ್ನೇ ಬೇರೆಯಾಗಿ ಬಯಸಬೇಕು, ಅದಕ್ಕಾಗಿ ಸೈನಿಕ ತನ್ನ ಮೈಮೇಲೆ ಅಪಾಯ ತೆಗೆದುಕೊಳ್ಳಬೇಕು ಎಂದು ಅವರು ಸೇರಿಸಿದರು. ಎತ್ತರದಿಂದ ಸುರಿದ ಬಾಂಬಿಗೂ ಕಮರಿಗೆ ಇಳಿದ ಒಂಬತ್ತು ಜನಕ್ಕೂ ಇರುವ ವ್ಯತ್ಯಾಸ ಇದೇ. ಆ ಕನ್ನಡಕವನ್ನು ನೆನೆದಾಗಲೆಲ್ಲ ನನಗೆ ಈ ಮಾತು ಸಿದ್ಧಾಂತದ ಹಾಗೆ ಕೇಳುವುದೇ ಇಲ್ಲ.

ಇನ್ನು ನನ್ನ ಲಾಂಚು. ಬಾಂಬು ಬಿದ್ದ ಮೇಲೆ ಜರ್ಮನ್ನರು ಉಳಿದ ಭಾರಜಲವನ್ನು ಜರ್ಮನಿಗೆ ಸಾಗಿಸಲು ಹೊರಟರು. ಪೀಪಾಯಿಗಳನ್ನು ರೈಲಿನ ಎರಡು ಡಬ್ಬಿಗಳಿಗೆ ತುಂಬಿ, ಆ ಡಬ್ಬಿಗಳನ್ನು ಟಿನ್ ಸರೋವರದ 'ಹೈಡ್ರೊ' ಎಂಬ ಫೆರಿಯ ಮೇಲೇರಿಸಿ ಆಚೆ ದಡಕ್ಕೆ ಒಯ್ಯಬೇಕು. ಆ ಭಾಗದಲ್ಲಿ ಉಳಿದಿದ್ದ ಸೈನಿಕರಲ್ಲಿ ಮುಖ್ಯನಾದವನು ಕ್ನುತ್ ಹೌಕೆಲಿಡ್. ಕಾರ್ಖಾನೆಯ ಕೆಲವು ಎಂಜಿನಿಯರುಗಳೊಡನೆ ಕುಳಿತು ಆತ ಒಂದೊಂದೇ ದಾರಿಯನ್ನು ಹೊಸೆದು ನೋಡಿದ. ಕಾರ್ಖಾನೆಯೊಳಗೆ ನುಗ್ಗುವುದಕ್ಕೆ ಈಗ ಕಾವಲು ಬಿಗಿ. ರೈಲನ್ನು ಸ್ಫೋಟಿಸಿದರೆ ಅದರಲ್ಲೂ ಜನರಿರುತ್ತಾರೆ, ಜೊತೆಗೆ ಪೀಪಾಯಿಗಳು ದಡದಲ್ಲೇ ಉಳಿಯಬಹುದು. ಫೆರಿಯನ್ನು ಮಾತ್ರ ಜರ್ಮನ್ನರು ಕಾಯುತ್ತಿರಲಿಲ್ಲ. ಸರೋವರ ನಾನೂರು ಮೀಟರಿಗೂ ಹೆಚ್ಚು ಆಳ.

ಊರಿನವರಿಗೆ ಅನುಮಾನವಿತ್ತು. ಇಷ್ಟು ನೀರಿಗಾಗಿ ಇಷ್ಟು ಜನರ ಜೀವ, ಆಮೇಲೆ ಬೀಳುವ ಸೇಡು, ತಕ್ಕುದೇ ಎಂದು ರೇಡಿಯೋದಲ್ಲಿ ಲಂಡನ್ನಿಗೆ ಕೇಳಿದರು. ನಾಶ ಮಾಡುವುದು ಬಹಳ ಮುಖ್ಯ, ತೀರಾ ದೊಡ್ಡ ಅನಾಹುತವಾಗದಂತೆ ಆಗಲಿ ಎಂಬ ಅರ್ಥದ ಉತ್ತರ ಬಂತು. ತೂಕದ ಪ್ರಶ್ನೆಯನ್ನು ಕೇಳಿದವರು ಜನರ ಹೆಸರು ಬಲ್ಲವರು. ಉತ್ತರ ಕೊಟ್ಟವರು ಬಾಂಬಿನ ಭಯ ಬಲ್ಲವರು. ತಕ್ಕಡಿಯ ಎರಡೂ ತಟ್ಟೆಗಳನ್ನು ಒಟ್ಟಿಗೆ ನೋಡಿದವರು ಯಾರೂ ಇರಲಿಲ್ಲ. ಪಠ್ಯಪುಸ್ತಕಗಳಲ್ಲಿ ಒಬ್ಬನೇ ಕುಳಿತು ತೂಗುತ್ತಾನೆ.

ಒಪ್ಪಿಗೆ ಬಂದ ಮೇಲೆ ಅವರು ತೋರಿದ ಎಚ್ಚರ ಇಷ್ಟು. ಸರಕು ಭಾನುವಾರವೇ ಸಾಗುವಂತೆ ಒಳಗಿನವರ ಕೈಯಿಂದ ಏರ್ಪಾಡು ಮಾಡಿದರು, ಆ ದಿನ ಪ್ರಯಾಣಿಕರು ಕಡಿಮೆ. ಹೌಕೆಲಿಡ್ ಮೊದಲೇ ಒಮ್ಮೆ ಪ್ರಯಾಣ ಮಾಡಿ, ಕೈಗಡಿಯಾರ ನೋಡುತ್ತ, ಆಳದ ಭಾಗ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಗುರುತಿಸಿದ. ಸ್ಫೋಟಕ ಎಂಟೂವರೆ ಕಿಲೋದಷ್ಟು. ಅದನ್ನು ಮುಂಭಾಗದ ತಳದಲ್ಲಿ ಬಳೆಯಂತೆ ಸುತ್ತಿಟ್ಟರು. ಮುಂದೆ ತೂತಾದರೆ ಮೂತಿ ನೀರಿಗಿಳಿದು ಹಿಂದಿನ ಚುಕ್ಕಾಣಿ ಮೇಲೇಳುತ್ತದೆ, ನಡೆಸುವವನು ದಡಕ್ಕೆ ತಿರುಗಿಸಲಾಗುವುದಿಲ್ಲ. ತೂತಿನ ಗಾತ್ರವನ್ನೂ ಲೆಕ್ಕ ಹಾಕಿದ್ದರು. ನಾಲ್ಕೈದು ನಿಮಿಷದಲ್ಲಿ ಮುಳುಗಬೇಕು. ಅದಕ್ಕಿಂತ ನಿಧಾನವಾದರೆ ದಡ ಸೇರುತ್ತದೆ, ಬೇಗವಾದರೆ ಯಾರೂ ಹಾರಿಕೊಳ್ಳಲಾರರು. ಈ ಎರಡರ ನಡುವಿನ ಕಿರಿದಾದ ಜಾಗವನ್ನೇ ಸಿದ್ಧಾಂತ 'ತಕ್ಕ ಎಚ್ಚರ' ಎನ್ನುತ್ತದೆ. ನಾನು ಓದಿದ ಎಲ್ಲ ಉದಾಹರಣೆಗಳಲ್ಲಿ ಅದನ್ನು ಕಿಲೋ ಮತ್ತು ನಿಮಿಷಗಳಲ್ಲಿ ಅಳೆಯಬಹುದಾದದ್ದು ಇದೊಂದೇ.

ಹಿಂದಿನ ರಾತ್ರಿ ಹೌಕೆಲಿಡ್ ಇನ್ನಿಬ್ಬರೊಡನೆ ಫೆರಿ ಹತ್ತಿದ. ಒಳಗಿದ್ದ ಕಾವಲುಗಾರ ಎದುರಾದ. ಗೆಸ್ಟಾಪೊದಿಂದ ತಲೆಮರೆಸಿಕೊಂಡಿದ್ದೇವೆ, ಏನೋ ಬಚ್ಚಿಡಬೇಕು ಎಂದರು. ಆತ ನಂಬಿ ತಳಕ್ಕೆ ಇಳಿಯುವ ದಾರಿ ತೋರಿಸಿದ. ಎರಡು ಅಲಾರಂ ಗಡಿಯಾರಗಳನ್ನು ಹತ್ತೂ ಮುಕ್ಕಾಲಿಗೆ ಇಟ್ಟು ಮೇಲೆ ಬಂದ ಹೌಕೆಲಿಡ್ ಆತನ ಕೈಕುಲುಕಿ ಧನ್ಯವಾದ ಹೇಳಿದ. ಬೆಳಿಗ್ಗೆ ಫೆರಿಗೆ ಬರಬೇಡ ಎಂದು ಹೇಳಲಿಲ್ಲ. ಹೇಳುವಂತಿರಲಿಲ್ಲ.

1944ರ ಫೆಬ್ರುವರಿ 20, ಭಾನುವಾರ. ಗಡಿಯಾರ ಸರಿಯಾಗಿ ಕೆಲಸ ಮಾಡಿತು. ಸುತ್ತಲಿನ ರೈತರು ಸಣ್ಣ ದೋಣಿಗಳಲ್ಲಿ ಬಂದು ಎತ್ತಿಕೊಂಡವರು 29 ಜನ. ಸತ್ತವರು 18. ಅವರಲ್ಲಿ ನಾಲ್ವರು ಜರ್ಮನ್ನರು, ಹದಿನಾಲ್ಕು ಮಂದಿ ನಾರ್ವೆಯವರು.

ನನ್ನ ಮೊದಲ ಕರಡು ಇದನ್ನು ಚೊಕ್ಕವಾಗಿ ಬಿಡಿಸಿತ್ತು. ಗುರಿ ಪೀಪಾಯಿ, ಜನರಲ್ಲ. ಅವರ ಸಾವು ಮೆಟ್ಟಿಲೂ ಅಲ್ಲ, ಎಲ್ಲರೂ ಈಜಿ ಪಾರಾಗಿದ್ದರೂ ಭಾರಜಲ ಮುಳುಗುತ್ತಿತ್ತು. ಎಚ್ಚರ ವಹಿಸಿದ್ದಾರೆ, ತೂಕ ಸರಿಯಿದೆ. ನನ್ನ ಮಾರ್ಗದರ್ಶಕರು ಓದಿ, ಅಂಚಿನಲ್ಲಿ ಪೆನ್ಸಿಲ್ಲಿನಿಂದ 'ಸಲೀಸಾಯಿತು' ಎಂದಷ್ಟೇ ಬರೆದಿದ್ದರು. ಅದು ಹೊಗಳಿಕೆ ಎಂದುಕೊಂಡಿದ್ದೆ.

ಸೇತುವೆ ಇನ್ನೂ ಕಂಬಗಳಾಗಿ ನೀರಲ್ಲಿ ನಿಂತಿದ್ದ ವರ್ಷ ಅದು. ಭಾನುವಾರ ಅಮ್ಮನ ಜೊತೆ ಸಾಗರಕ್ಕೆ ಹೊರಟಿದ್ದೆ. ಆಚೆ ದಡದಿಂದ ಲಾಂಚು ಬರುವವರೆಗೆ ಕಳಸವಳ್ಳಿಯಲ್ಲಿ ನಿಂತು ಕಾಯಬೇಕು. ಅದೇನು ಓದುತ್ತೀಯೋ ಹೇಳು ಎಂದು ಅಮ್ಮ ಕೇಳಿದಾಗ ಈ ಕಥೆ ಹೇಳಿದೆ.

"ಭಾನುವಾರ ಜನ ಕಡಿಮೆಯಾ? ಎಂತಾ ಊರು ಮಾರಾಯ ಅದು" ಎಂಬುದು ಅವಳ ಮೊದಲ ಮಾತು. ಸುತ್ತ ನೋಡಿದೆ. ಹೂವಿನ ಬುಟ್ಟಿ, ಮಕ್ಕಳು, ದರ್ಶನ ಮುಗಿಸಿದ ಟೆಂಪೊಗಳು. ವಾರದ ಯಾವ ದಿನ ಎಂಬ ಒಂದು ಪದದ ಹಿಂದೆ ಊರಿನ ಎಷ್ಟು ತಿಳಿವಳಿಕೆ ಬೇಕು ಎಂದು ಆಗ ಹೊಳೆಯಿತು. ಮೇಲಿನಿಂದ ಬಂದ ವಿಮಾನದವರಿಗೆ ಅದು ಇರಲು ಸಾಧ್ಯವಿರಲಿಲ್ಲ.

ಉತ್ಸಾಹ ಬಂದು, ಪ್ರಬಂಧದಲ್ಲಿ ಅಡಿಟಿಪ್ಪಣಿಗೆ ತಳ್ಳಿದ್ದ ಒಂದು ಸಂಗತಿಯನ್ನೂ ಹೇಳಿದೆ. ಸಂಚಿನಲ್ಲಿದ್ದ ಒಬ್ಬನ ತಾಯಿ ಅದೇ ಭಾನುವಾರ ಅದೇ ಫೆರಿಯಲ್ಲಿ ಹೊರಟಿದ್ದಳು. ಬೇಡ ಎಂದರೆ ಯಾಕೆ ಎನ್ನುತ್ತಾಳೆ. ಆದ್ದರಿಂದ ಮಗ ಅವಳ ಊಟಕ್ಕೆ ಭೇದಿ ಔಷಧ ಬೆರೆಸಿದ. ಹೊಟ್ಟೆ ಕೆಟ್ಟು ಅವಳು ಮನೆಯಲ್ಲೇ ಉಳಿದಳು.

ಅಮ್ಮ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ನೀರು ನೋಡಿ ಕೇಳಿದಳು, "ಹಂಗಾದ್ರೆ ಪಕ್ಕದ ಮನೆಯವಳಿಗೂ ಒಂಚೂರು ಹಾಕಬಹುದಿತ್ತಲ್ಲ?"

"ಎಲ್ಲರಿಗೂ ಹಾಕಿದರೆ ಜರ್ಮನ್ನರಿಗೆ ಅನುಮಾನ ಬರ್ತದೆ ಅಮ್ಮ."

"ಎಲ್ಲರಿಗೂ ಬ್ಯಾಡ. ಇಬ್ಬರಿಗೆ?"

ಲಾಂಚು ಬಂತು. ಮಾತು ಅಲ್ಲಿಗೆ ನಿಂತಿತು. ನನ್ನ ಅಧ್ಯಾಯವೂ ಅಲ್ಲಿಗೇ ನಿಂತು ನಾಲ್ಕು ತಿಂಗಳು ಮುಂದೆ ಹೋಗಲಿಲ್ಲ.

ನಾನು ಮೊದಲು ಹುಡುಕಿದ್ದು ತಪ್ಪು ಜಾಗದಲ್ಲಿ. ಪ್ರಯಾಣಿಕರು ಇದ್ದದ್ದೇ ಸಂಚಿಗೆ ಅನುಕೂಲವಾಯಿತೇ, ಅಂದರೆ ಅವರು ಮೆಟ್ಟಿಲಾದರೇ ಎಂದು ಯೋಚಿಸಿದೆ. ಖಾಲಿ ಫೆರಿ ಹೊರಟಿದ್ದರೆ ಜರ್ಮನ್ನರು ಎಚ್ಚೆತ್ತುಕೊಳ್ಳುತ್ತಿದ್ದರು, ಜನರಿದ್ದದ್ದರಿಂದಲೇ ಎಲ್ಲ ಸಹಜವಾಗಿ ಕಂಡಿತು. ಬೇರೆಯವರ ಇರುವಿಕೆಯನ್ನೇ ಬಳಸಿಕೊಂಡು ಮಾಡುವ ಹಾನಿ, ದಾರಿಯ ಪಕ್ಕದಲ್ಲಿ ಆಗಿಬಿಡುವ ಹಾನಿಗಿಂತ ಕೆಟ್ಟದ್ದು ಎಂದು ವಾರನ್ ಕ್ವಿನ್ ಎಂಬ ತತ್ವಜ್ಞಾನಿ 1989ರ ಒಂದು ಲೇಖನದಲ್ಲಿ ವಾದಿಸಿದ್ದಾರೆ. ಇಲ್ಲಿ ಅದೇ ಆಗಿದೆ ಎಂದು ಒಂದು ವಾರ ನಂಬಿದ್ದೆ. ಆದರೆ ಒಂದು ಪರೀಕ್ಷೆಗೆ ಅದು ನಿಲ್ಲಲಿಲ್ಲ. ಆ ದಿನ ಊರಿಗೆಲ್ಲ ಜ್ವರ ಬಂದು ಒಬ್ಬರೂ ಫೆರಿ ಹತ್ತದಿದ್ದರೆ ಸಂಚು ಕೆಡುತ್ತಿತ್ತೇ? ಇಲ್ಲ. ಹೌಕೆಲಿಡ್ ನಿಟ್ಟುಸಿರು ಬಿಡುತ್ತಿದ್ದ. ಹಾಗಾಗಿ ಜನ ಮೆಟ್ಟಿಲಲ್ಲ.

ಮೆಟ್ಟಿಲಾದದ್ದು ಅವರಿಗೆ ಹೇಳದೆ ಇದ್ದದ್ದು. ಮೌನ. ಸಾವನ್ನು ಯಾರೂ ಬಯಸಲಿಲ್ಲ ನಿಜ, ಆದರೆ ಮೌನವನ್ನು ಬಯಸಿದರು, ಯೋಜಿಸಿದರು, ಕಾವಲುಗಾರನ ಕೈ ಹಿಡಿದುಕೊಂಡೂ ಉಳಿಸಿಕೊಂಡರು. ದ್ವಿಪರಿಣಾಮ ತತ್ವ ಸಾವನ್ನಷ್ಟೇ ಕೇಳುತ್ತದೆ, ಆದ್ದರಿಂದಲೇ ನನ್ನ ಹನ್ನೆರಡು ಪುಟ ಅಷ್ಟು ಸಲೀಸಾಗಿ ಓಡಿದವು. ವಾಲ್ಜರ್ ಹೇಳಿದ ಎಚ್ಚರವನ್ನು ಮೌನಕ್ಕೂ ಹಚ್ಚಬೇಕಿತ್ತು. ಸ್ಫೋಟಕ ಎಷ್ಟು ಕಡಿಮೆಯಾದರೆ ಸಾಕು ಎಂದು ಲೆಕ್ಕ ಹಾಕಿದವರು ಮೌನ ಎಷ್ಟು ಕಡಿಮೆಯಾದರೆ ಸಾಕು ಎಂದೂ ಲೆಕ್ಕ ಹಾಕಬೇಕು. ಒಬ್ಬ ತಾಯಿಯ ಹೊಟ್ಟೆ ಕೆಟ್ಟದ್ದರಿಂದ ಸಂಚು ಕೆಡಲಿಲ್ಲ. ಅಂದರೆ ಅಲ್ಲಿ ಸ್ವಲ್ಪ ಜಾಗವಿತ್ತು. ಆ ಜಾಗ ಸಿಕ್ಕಿದ್ದು ಮಗನಿದ್ದವಳಿಗೆ.

ಇದನ್ನು ಬರೆದು ಅವರನ್ನು ತಪ್ಪಿತಸ್ಥರ ಕಟಕಟೆಗೆ ಏರಿಸುವ ಉತ್ಸಾಹ ನನಗಿಲ್ಲ. ಎರಡನೆಯವಳಿಗೂ ಮೂರನೆಯವಳಿಗೂ ಔಷಧ ಹಾಕಿದ್ದರೆ ಒಂದೇ ಓಣಿಯಲ್ಲಿ ಬಾಯಿಗೆ ಬಾಯಿ ಸೇರಿ ಸುದ್ದಿಯಾಗುತ್ತಿತ್ತು. ಸಣ್ಣ ಊರಿನಲ್ಲಿ ಗುಟ್ಟು ಎಷ್ಟು ಮಂದಿಯವರೆಗೆ ಗುಟ್ಟಾಗಿರುತ್ತದೆ ಎಂಬುದು ಹಿನ್ನೀರಿನ ದಡದಲ್ಲಿ ಬೆಳೆದ ನನಗೆ ಗೊತ್ತು. ಆ ಜಾಗ ಒಬ್ಬಳಿಗೇ ಸಾಕಾಗುವಷ್ಟಿತ್ತು ಎಂದೇ ಇಟ್ಟುಕೊಳ್ಳೋಣ. ಆಗಲೂ ಅದನ್ನು ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಇರುತ್ತದೆ. ಸೈನಿಕನಾಗಿ ನೋಡಿದರೆ ಚೀಟಿ ಎತ್ತಬೇಕು. ಮಗನಾಗಿ ನೋಡಿದರೆ ಚೀಟಿ ಎತ್ತುವವನ ಮುಖ ನೋಡಲು ನನಗೇ ಇಷ್ಟವಿಲ್ಲ. ಇವೆರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಲು ಪ್ರಯತ್ನಿಸಿ ಸೋತು, ಈಗ ಎರಡು ಬೇರೆ ಬೇರೆ ವಾಕ್ಯಗಳಾಗಿಯೇ ಬಿಟ್ಟಿದ್ದೇನೆ.

ವಿಭಾಗದಲ್ಲಿ ಹೊಸ ಕರಡನ್ನು ಓದಿದಾಗ ಗೆಳೆಯನೊಬ್ಬ ಬೇರೆ ಕಡೆಯಿಂದ ಹಿಡಿದ. ಅಷ್ಟೆಲ್ಲ ಮಾಡಿ ಮುಳುಗಿಸಿದ ಭಾರಜಲದಿಂದ ಜರ್ಮನ್ನರಿಗೆ ಬಾಂಬು ಬರುತ್ತಲೇ ಇರಲಿಲ್ಲವಲ್ಲ ಎಂದ. ಅವನು ಹೇಳಿದ್ದು ನಿಜ. ಹಲವು ಪೀಪಾಯಿಗಳಲ್ಲಿದ್ದದ್ದು ತೆಳುವಾದ ದ್ರಾವಣ. ಒಂದು ರಿಯಾಕ್ಟರಿಗೆ ಟನ್ನುಗಟ್ಟಲೆ ಶುದ್ಧ ಭಾರಜಲ ಬೇಕು, ಅಲ್ಲಿ ಒಟ್ಟು ಸೇರಿಸಿದರೂ ಒಂದು ಟನ್ನೂ ಆಗುತ್ತಿರಲಿಲ್ಲ. ಬಾಂಬನ್ನು ಕಾರ್ಖಾನೆಯ ಮಟ್ಟದಲ್ಲಿ ತಯಾರಿಸುವ ಯೋಚನೆಯನ್ನೇ ಜರ್ಮನಿ 1942ರಲ್ಲಿ ಕೈಬಿಟ್ಟಿತ್ತು ಎಂಬುದು ಯುದ್ಧ ಮುಗಿದ ಮೇಲೆ ತಿಳಿದದ್ದು. ಆದರೂ ನಾನು ಅವನಿಗೆ ಒಪ್ಪಲಿಲ್ಲ. ತೂಕವನ್ನು ಅಂದು ತಿಳಿದಿದ್ದರ ಮೇಲೆ, ಅಂದು ತಿಳಿದುಕೊಳ್ಳಲು ಸಾಧ್ಯವಿದ್ದದ್ದರ ಮೇಲೆ ನೋಡಬೇಕು. ಹಿಟ್ಲರನ ಕೈಗೆ ಅಂಥ ಆಯುಧ ಸಿಗುವ ಸಂಭವ ಸಣ್ಣದಾದರೂ ಅದನ್ನು ಪಕ್ಕಕ್ಕಿಡುವಂತಿರಲಿಲ್ಲ. ಲಂಡನ್ನಿನವರು ಅಂದು ಕೊಟ್ಟ ಉತ್ತರವನ್ನು ನಾನೂ ಕೊಡುತ್ತಿದ್ದೆನೇನೋ. ಆದರೆ ಪೀಪಾಯಿಗಳಲ್ಲಿ ಏನಿತ್ತು ಎಂಬುದು ಕಾರ್ಖಾನೆಯ ಒಳಗಿನವರಿಗೆ ಗೊತ್ತಿತ್ತು, ಅನುಮಾನ ಪಟ್ಟವರೂ ಆ ಕಡೆಯವರೇ. ಅವರ ಪ್ರಶ್ನೆಗೆ ಒಂದೆರಡು ಸಾಲಿನ ಉತ್ತರ ಬಂತೇ ಹೊರತು ಕಾರಣ ಬರಲಿಲ್ಲ. ಜಗಳವಾಡುವುದಿದ್ದರೆ ನಾನು ಆ ಒಂದೆರಡು ಸಾಲಿನ ಜೊತೆ ಆಡುತ್ತೇನೆ.

ಹೊಸ ಕರಡಿನಲ್ಲೂ ನನ್ನ ತೀರ್ಮಾನ ಬದಲಾಗಿಲ್ಲ. ಫೆರಿಯನ್ನು ಮುಳುಗಿಸಬಹುದಿತ್ತು ಎಂದೇ ಬರೆದಿದ್ದೇನೆ. ಬದಲಾದದ್ದು ಪುಟಗಳ ಲೆಕ್ಕ. ಪೀಪಾಯಿಗಳಿಗೆ ಮೂರು ಪುಟ, ಹಿಂದಿನ ರಾತ್ರಿಯ ಕಾವಲುಗಾರನಿಗೆ ಐದು. ಅಡಿಟಿಪ್ಪಣಿಯಲ್ಲಿದ್ದ ತಾಯಿ ಈಗ ಮೇಲೆ ಬಂದಿದ್ದಾಳೆ. ಮಾರ್ಗದರ್ಶಕರು ಈ ಸಲ ಅಂಚಿನಲ್ಲಿ ಬಹಳ ಪ್ರಶ್ನೆಗಳನ್ನು ಬರೆದಿದ್ದಾರೆ, ಅರ್ಧಕ್ಕೆ ಉತ್ತರ ಸಿದ್ಧವಾಗಿಲ್ಲ.

ಆ ಭಾನುವಾರ ಲಾಂಚಿನಲ್ಲಿ ನಮಗೆ ಜಾಗ ಸಿಕ್ಕಿದ್ದು ಒಂದು ಬಸ್ಸಿನ ಮಗ್ಗುಲಲ್ಲಿ. ಅಮ್ಮ ಬಸ್ಸಿಗೆ ಒರಗಿ ನಿಂತು, ಪರಿಚಯವಿಲ್ಲದ ಯಾವುದೋ ಮಗುವಿನ ಟೊಪ್ಪಿ ಗಾಳಿಗೆ ಹಾರದಂತೆ ಹಿಡಿದುಕೊಂಡಿದ್ದಳು. ಹಗ್ಗ ಬಿಚ್ಚುತ್ತಿದ್ದ ಹುಡುಗ ಬಂದು ಕೇಳಿದ, "ಎಷ್ಟು ಜನ?"

"ಇಬ್ಬರು" ಎಂದಳು ಅಮ್ಮ. ಮಗುವನ್ನು ನೋಡಿ, "ಇದು ನಮ್ಮದಲ್ಲ. ಅದರ ಅಮ್ಮ ಎಲ್ಲಿದ್ದಾಳೆ ನೋಡು."